ಡೆಂಗಿ ಡ್ಯಾಶ್‌ಬೋರ್ಡ್‌ನ ಕೊನೆಯ ಕಂಬ ಯಾಕೆ ಯಾವಾಗಲೂ ಗಿಡ್ಡ: ಒಂದು ರಿಪೇರಿಯ ಟಿಪ್ಪಣಿ

ಜಿಲ್ಲಾ ಮಟ್ಟದ ಒಂದು ಡೆಂಗಿ ಡ್ಯಾಶ್‌ಬೋರ್ಡ್ ಸರಿ ಮಾಡುವ ಕೆಲಸ ಬಂದಿತ್ತು. ವಾರಕ್ಕೆ ಒಂದು ಕಂಬ, ಪಕ್ಕದಲ್ಲಿ ಏರಿಕೆ ಇಳಿಕೆಯ ಬಾಣ, ಕೆಳಗೆ ತಾಲ್ಲೂಕುವಾರು ಪಟ್ಟಿ. ನೋಡೋಕೆ ಚೆನ್ನಾಗೇ ಇತ್ತು. ಆದರೆ ಯಾವ ಸೋಮವಾರ ತೆರೆದು ನೋಡಿದರೂ ಕೊನೆಯ ವಾರದ ಕಂಬ ಗಿಡ್ಡ, ಬಾಣ ಹಸಿರು ಬಣ್ಣದಲ್ಲಿ ಕೆಳಮುಖ. ಮುಂದಿನ ಸೋಮವಾರ ನೋಡಿದರೆ ಅದೇ ಕಂಬ ಬೆಳೆದಿರುತ್ತಿತ್ತು, ಅದರ ಪಕ್ಕ ಇನ್ನೊಂದು ಹೊಸ ಗಿಡ್ಡ ಕಂಬ. ಜುಲೈನಲ್ಲಿ ಮಳೆ ಹಿಡಿದು ಜ್ವರ ಏರುತ್ತಿರುವಾಗಲೂ ಬೋರ್ಡ್ ಮಾತ್ರ ಪ್ರತಿ ವಾರ 'ಇಳಿಕೆ' ಅಂತಲೇ ಹೇಳುತ್ತಿತ್ತು.

ಕೋಡ್‌ನಲ್ಲಿ ತಪ್ಪಿರಲಿಲ್ಲ. ಬಂದಷ್ಟನ್ನು ಸರಿಯಾಗಿಯೇ ಎಣಿಸುತ್ತಿತ್ತು. ಬರಬೇಕಾದದ್ದು ಇನ್ನೂ ಬಂದಿರಲಿಲ್ಲ, ಅಷ್ಟೇ.

ಒಂದು ಸ್ಯಾಂಪಲ್ ಬೋರ್ಡ್‌ಗೆ ಬರುವ ದಾರಿ

ಬುಧವಾರ ಒಬ್ಬರಿಗೆ ಜ್ವರ ಶುರುವಾಯ್ತು ಅಂದುಕೊಳ್ಳಿ. ಎರಡು ದಿನ ಪ್ಯಾರಾಸಿಟಮಾಲ್ ನುಂಗಿ ನೋಡುತ್ತಾರೆ, ಶನಿವಾರ ಆಸ್ಪತ್ರೆಗೆ ಹೋಗುತ್ತಾರೆ, ಅಲ್ಲಿ ರಕ್ತ ತೆಗೆಯುತ್ತಾರೆ. ಕಾರ್ಡ್ ಟೆಸ್ಟ್‌ನಲ್ಲಿ ಪಾಸಿಟಿವ್ ಬಂದರೂ ಅದು ದೃಢಪಟ್ಟ ಪ್ರಕರಣ ಅಂತ ಲೆಕ್ಕಕ್ಕೆ ಬರುವುದಿಲ್ಲ. ಲ್ಯಾಬ್‌ನಲ್ಲಿ ಎಲೈಸಾ ಅನ್ನುವ ರಕ್ತ ಪರೀಕ್ಷೆ ಆಗಬೇಕು. ಜ್ವರದ ಮೊದಲ ಐದು ದಿನಕ್ಕೆ ವೈರಸ್ಸಿನ ಪ್ರೋಟೀನ್ ಹುಡುಕುವ ಎನ್‌ಎಸ್1, ಆಮೇಲೆ ದೇಹದ ಪ್ರತಿಕಾಯ ಹುಡುಕುವ ಐಜಿಎಂ. ಎಲೈಸಾ ಪ್ಲೇಟ್‌ನಲ್ಲಿ 96 ಗುಂಡಿ ಇರುತ್ತವೆ, ಕಂಟ್ರೋಲ್‌ಗೆ ಕೆಲವು ಹೋಗಿ ಉಳಿದದ್ದೆಲ್ಲ ಸ್ಯಾಂಪಲ್‌ಗೆ. ನಾಲ್ಕೈದು ಸ್ಯಾಂಪಲ್‌ಗೋಸ್ಕರ ಒಂದು ಕಿಟ್ ತೆರೆಯೋಕೆ ಲ್ಯಾಬ್‌ನವರಿಗೆ ಮನಸ್ಸು ಬರುವುದಿಲ್ಲ, ಅದು ಸರಿಯೇ. ಹಾಗಾಗಿ ಒಂದಿಷ್ಟು ಸೇರುವವರೆಗೆ ಕಾಯುತ್ತಾರೆ. ಫಲಿತಾಂಶ ಬಂದ ಮೇಲೆ ಪೋರ್ಟಲ್‌ಗೆ ಎಂಟ್ರಿ ಆಗಬೇಕು, ಅದನ್ನು ಮಾಡುವವರು ಹತ್ತು ಕೆಲಸದ ನಡುವೆ ಮಾಡುತ್ತಾರೆ. ರೋಗಿ ಬೇರೆ ಜಿಲ್ಲೆಯವರಾದರೆ, ಅಂದರೆ ತುಮಕೂರಿನವರು ಬೆಂಗಳೂರಿನಲ್ಲಿ ದಾಖಲಾಗಿದ್ದರೆ, ಆ ಪ್ರಕರಣ ಊರಿನ ವಿಳಾಸಕ್ಕೆ ವರ್ಗವಾಗಲು ಇನ್ನಷ್ಟು ದಿನ.

ಹೀಗೆ ಒಂದು ವಾರದ ಪ್ರಕರಣ ಪೂರ್ತಿ ಕೈಗೆ ಸಿಗುವುದಕ್ಕೆ ಮೂರ್ನಾಲ್ಕು ವಾರ ಬೇಕು. ಈ ವಿಳಂಬವನ್ನು ಡ್ಯಾಶ್‌ಬೋರ್ಡ್ ಮಾಡುವವರು ಕಡಿಮೆ ಮಾಡಲಾರರು. ಆದರೆ ಅದು ಎಷ್ಟಿದೆ ಅಂತ ಅಳೆದು ತೋರಿಸಬಹುದು.

ಮೊದಲು ಬೇಕಾದದ್ದು ಎರಡು ದಿನಾಂಕ

ಪ್ರತಿ ಪ್ರಕರಣಕ್ಕೂ ಎರಡು ದಿನಾಂಕ ಬೇಕು: ಘಟನೆ ಆದ ದಿನ, ಅದು ನಮಗೆ ಗೊತ್ತಾದ ದಿನ. ಘಟನೆಯ ದಿನಕ್ಕೆ ಜ್ವರ ಶುರುವಾದ ದಿನವೇ ಒಳ್ಳೆಯದು. ಆದರೆ ನನಗೆ ಸಿಕ್ಕ ಪಟ್ಟಿಯಲ್ಲಿ ಆ ಕಾಲಂ ಬಹಳ ಕಡೆ ಖಾಲಿ, ಇದ್ದ ಕಡೆಯೂ ಆಸ್ಪತ್ರೆಗೆ ಬಂದ ದಿನವನ್ನೇ ಸುಮ್ನೆ ಮತ್ತೆ ಬರೆದಿದ್ದರು. ಸ್ಯಾಂಪಲ್ ತೆಗೆದ ದಿನ ಮಾತ್ರ ಟ್ಯೂಬಿನ ಮೇಲೇ ಇರುತ್ತದೆ, ಅದನ್ನು ನಂಬಬಹುದು. ಅದನ್ನೇ ಹಿಡಿದೆ.

ಗೊತ್ತಾದ ದಿನದ್ದು ಬೇರೆ ತಲೆನೋವು. ಎಂಟ್ರಿ ದಿನಾಂಕದ ಕಾಲಂ ಇತ್ತು, ಆದರೆ ಯಾರಾದರೂ ವಿಳಾಸ ತಿದ್ದಿದರೆ ಅದೂ ಬದಲಾಗುತ್ತಿತ್ತು. ಅದಕ್ಕೇ ಪ್ರತಿ ಸೋಮವಾರ ಬೆಳಿಗ್ಗೆ, ಭಾನುವಾರ ರಾತ್ರಿಯವರೆಗಿನ ಪೂರ್ತಿ ಪಟ್ಟಿಯನ್ನು ಇಳಿಸಿ, ಹೆಸರು ಫೋನ್ ನಂಬರ್ ತೆಗೆದು, ಆ ಭಾನುವಾರದ ತಾರೀಖು ಹಾಕಿ ಎತ್ತಿಡಲು ಶುರು ಮಾಡಿದೆ. ಹಳೆಯದರ ಮೇಲೆ ಹೊಸದನ್ನು ಬರೆಯುವುದಿಲ್ಲ. ಒಂದು ಐಡಿ ಯಾವ ವಾರದ ಪ್ರತಿಯಲ್ಲಿ ಮೊದಲ ಸಲ ಕಾಣಿಸಿತೋ ಅದೇ `first_seen`. ಇಡೀ ರಿಪೇರಿಯಲ್ಲಿ ಇದಕ್ಕಿಂತ ಮುಖ್ಯವಾದ ಹೆಜ್ಜೆ ಇನ್ನೊಂದಿಲ್ಲ. ಹಳೆಯ ಪ್ರತಿಗಳಿಲ್ಲದಿದ್ದರೆ ಮುಂದಿನ ಯಾವ ಲೆಕ್ಕವೂ ನಡೆಯುವುದಿಲ್ಲ, ಹಾಗಾಗಿ ನೀವು ಈಗಲೇ ಬೋರ್ಡ್ ಕಟ್ಟುವುದಿಲ್ಲ ಅಂದರೂ ಪ್ರತಿ ಎತ್ತಿಡುವುದನ್ನಂತೂ ಇವತ್ತೇ ಶುರು ಮಾಡಿ.

ತ್ರಿಕೋನ

ಈಗ ಪ್ರತಿ ವಾರಕ್ಕೆ ಒಂದು ಸಾಲು ಹಾಕಿ. ಕಾಲಂ 0 ಅಂದರೆ ಆ ವಾರ ಮುಗಿಯುವಾಗ ಎಷ್ಟು ಬಂದಿತ್ತು, ಕಾಲಂ 1 ಅಂದರೆ ಇನ್ನೊಂದು ವಾರ ಕಳೆದ ಮೇಲೆ ಒಟ್ಟು ಎಷ್ಟಾಗಿತ್ತು, ಹೀಗೆ. ಇತ್ತೀಚಿನ ವಾರಗಳ ಬಲಗಡೆಯ ಮನೆಗಳು ಖಾಲಿ, ಯಾಕೆಂದರೆ ಆ ದಿನ ಇನ್ನೂ ಬಂದಿಲ್ಲ. ಲೆಕ್ಕ ಕಣ್ಣಿಗೆ ಕಾಣಲಿ ಅಂತ ನಾನೇ ಹಾಕಿದ ಉದಾಹರಣೆಯ ಅಂಕಿಗಳಿವು, ಯಾವ ಜಿಲ್ಲೆಯದ್ದೂ ಅಲ್ಲ:

```
ವಾರ    0    1    2    3
1     24   60   72   80
2     30   66   84   90
3     36   84  104  110
4     30   80  100    -
5     40   90    -    -
6     38    -    -    -
```

ಹಳೆಯ ಬೋರ್ಡ್ ಪ್ರತಿ ಸಾಲಿನ ಕೊನೆಯ ಅಂಕಿಯನ್ನು ತೋರಿಸುತ್ತಿತ್ತು: 80, 90, 110, 100, 90, 38. ಇದನ್ನು ನೋಡಿದ ಯಾರಿಗಾದರೂ ರೋಗ ಮೂರನೇ ವಾರ ತುದಿ ಮುಟ್ಟಿ ಈಗ ಕುಸಿಯುತ್ತಿದೆ ಅಂತಲೇ ಅನಿಸುತ್ತದೆ, ಅಲ್ವಾ?

ಈಗ ಒಂದೊಂದು ಹೆಜ್ಜೆಯ ಗುಣಕ ತೆಗೆಯೋಣ. ಕಾಲಂ 2ರಿಂದ 3ಕ್ಕೆ ಹೋಗುವಾಗ ಎರಡೂ ಅಂಕಿ ಇರುವ ಸಾಲು ಮೂರು: 280 ಭಾಗಿಸು 260, ಅಂದರೆ 1.077. ಕಾಲಂ 1ರಿಂದ 2ಕ್ಕೆ ನಾಲ್ಕು ಸಾಲು: 360 ಭಾಗಿಸು 290, ಅಂದರೆ 1.241. ಕಾಲಂ 0ಯಿಂದ 1ಕ್ಕೆ ಐದು ಸಾಲು: 380 ಭಾಗಿಸು 160, ಅಂದರೆ 2.375. ಆರನೇ ವಾರದ 38ಕ್ಕೆ ಮೂರೂ ಗುಣಕ ಬೇಕು. ಗುಣಿಸಿದರೆ ಸುಮಾರು 121. ಐದನೇ ವಾರದ 90ಕ್ಕೆ ಎರಡು ಗುಣಕ, 120. ನಾಲ್ಕನೇ ವಾರದ 100ಕ್ಕೆ ಒಂದೇ, 108.

ಅಂದರೆ ನಿಜವಾದ ಚಿತ್ರ 80, 90, 110, 108, 120, 121ರ ಆಸುಪಾಸು. ಕುಸಿತ ಎಲ್ಲಿಯೂ ಇಲ್ಲ. ಫಾಗಿಂಗ್ ಎಲ್ಲಿ ಮಾಡಬೇಕು, ಲಾರ್ವಾ ಸಮೀಕ್ಷೆಗೆ ಆಶಾ ಕಾರ್ಯಕರ್ತೆಯರನ್ನು ಯಾವ ವಾರ್ಡ್‌ಗೆ ಕಳಿಸಬೇಕು ಅಂತ ಸೋಮವಾರದ ಸಭೆಯಲ್ಲಿ ತೀರ್ಮಾನ ಮಾಡುವವರಿಗೆ ಈ ಎರಡು ಚಿತ್ರಗಳ ನಡುವಿನ ವ್ಯತ್ಯಾಸ ಸಣ್ಣದಲ್ಲ.

ಈ ಲೆಕ್ಕಕ್ಕೆ ಚೈನ್ ಲ್ಯಾಡರ್ ಅಂತಾರೆ. ವಿಮಾ ಕಂಪನಿಗಳು ಇನ್ನೂ ಬರಬೇಕಾದ ಕ್ಲೇಮುಗಳನ್ನು ಅಂದಾಜು ಮಾಡುವುದೂ ಹೀಗೆಯೇ. ಕೋಡ್ ಇಷ್ಟೇ:

```python
D = 8
wk  = df.sample_date.dt.to_period("W-SUN")
rep = df.first_seen.dt.to_period("W-SUN")
d = (rep.dt.start_time - wk.dt.start_time).dt.days // 7
now = rep.max()
weeks = pd.period_range(wk.min(), now, freq="W-SUN")

tri = (df.groupby([wk, d.clip(0, D)]).size().unstack()
         .reindex(index=weeks, columns=range(D + 1))
         .fillna(0.0).cumsum(axis=1))
for w in weeks:
    tri.loc[w, tri.columns > (now - w).n] = np.nan

f = []
for k in range(D):
    ok = tri[k + 1].notna()
    f.append(tri.loc[ok, k + 1].sum() / tri.loc[ok, k].sum())
p = 1 / np.cumprod(f[::-1])[::-1]
```

`p[0]` ಅಂದರೆ ಅದೇ ವಾರದೊಳಗೆ ಬಂದುಬಿಡುವ ಪಾಲು. ನಮ್ಮ ಉದಾಹರಣೆಗೆ `D = 3` ಇಟ್ಟರೆ 0.315. ನೂರು ಪ್ರಕರಣ ಆಗಿದ್ದರೆ ಭಾನುವಾರ ರಾತ್ರಿ ಕಾಣುವುದು ಮೂವತ್ತೊಂದೋ ಮೂವತ್ತೆರಡೋ. `reindex` ಸಾಲನ್ನು ಬಿಡಬೇಡಿ. ಒಂದೂ ಪ್ರಕರಣ ಬರದ ವಾರ ಇದ್ದರೆ ಆ ಸಾಲು ಪಟ್ಟಿಯಿಂದಲೇ ಮಾಯವಾಗಿರುತ್ತದೆ, ಅದನ್ನು ವಾಪಸ್ ತರುವುದು ಅದೇ. ಇನ್ನೊಂದು ಮಾತು, ಗುಣಕಕ್ಕೆ ಮೂರು ವರ್ಷದ ಡೇಟಾ ಸುರಿಯಬೇಡಿ. ಲ್ಯಾಬ್‌ಗೆ ಒಬ್ಬ ಟೆಕ್ನಿಷಿಯನ್ ಹೆಚ್ಚು ಬಂದರೂ ವಿಳಂಬ ಬದಲಾಗುತ್ತದೆ. ಕಳೆದ ಹತ್ತು ಹನ್ನೆರಡು ವಾರ ಸಾಕು.

ಸರಾಸರಿ ತೆಗೆಯುವಾಗಿನ ಬಲೆ

ಗುಣಕದ ಗೋಜಲೇ ಬೇಡ, ಬಂದಿರುವ ಎಲ್ಲ ಪ್ರಕರಣಗಳಲ್ಲಿ ಎಷ್ಟು ಅದೇ ವಾರ ಬಂದವು ಅಂತ ನೇರವಾಗಿ ಎಣಿಸಿದರೆ ಆಗುವುದಿಲ್ಲವಾ ಅಂತ ಕೇಳಬಹುದು. ಮಾಡಿ ನೋಡಿ. ಕಾಲಂ 0ಯ ಮೊತ್ತ 198, ಈವರೆಗೆ ಬಂದ ಒಟ್ಟು 508. ಪಾಲು 0.39 ಬರುತ್ತದೆ. 38ನ್ನು ಅದರಿಂದ ಭಾಗಿಸಿದರೆ 97. ನಿಜಕ್ಕೆ ಹತ್ತಿರದ 121 ಎಲ್ಲಿ, 97 ಎಲ್ಲಿ!

ಕಾರಣ ಇಷ್ಟೇ. ಆರನೇ ವಾರದಲ್ಲಿ ಬೇಗ ಬಂದವು ಮಾತ್ರ ಎಣಿಕೆಗೆ ಸಿಕ್ಕಿವೆ, ತಡವಾಗಿ ಬರುವವು ಸಿಕ್ಕೇ ಇಲ್ಲ. ಆ ಸಾಲಿನ ಪ್ರಕಾರ ನೂರಕ್ಕೆ ನೂರು ಅದೇ ವಾರ ವರದಿಯಾಗುತ್ತವೆ! ಇಂಥ ಅರ್ಧಂಬರ್ಧ ಸಾಲುಗಳನ್ನು ಸೇರಿಸಿದಷ್ಟೂ ವಿಳಂಬ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ರೋಗ ಏರುತ್ತಿರುವಾಗ ಇತ್ತೀಚಿನ ಸಾಲುಗಳೇ ದೊಡ್ಡವಾಗಿರುವುದರಿಂದ ಈ ತಪ್ಪು ಇನ್ನೂ ಜಾಸ್ತಿ. ಮೇಲಿನ ಕೋಡ್‌ನಲ್ಲಿ `notna()` ಇರುವುದು ಇದಕ್ಕೇ, ಎರಡೂ ಮನೆ ತುಂಬಿದ ಸಾಲುಗಳನ್ನು ಮಾತ್ರ ಹೋಲಿಸಲು.

121 ಅಂತ ಒಂದೇ ಅಂಕಿ ಹಾಕಬೇಡಿ

38 ಪ್ರಕರಣ ನೋಡಿ 121 ಅನ್ನುವುದು ಅಂದಾಜು. ಅದನ್ನು ಒಂಟಿ ಅಂಕಿಯಾಗಿ ಹಾಕಿದರೆ ಹಳೆಯ ಬೋರ್ಡ್ ಕೊಟ್ಟಷ್ಟೇ ಸುಳ್ಳು ಧೈರ್ಯ ಇದೂ ಕೊಡುತ್ತದೆ.

ಅನಿಶ್ಚಿತತೆ ಎರಡು ಕಡೆಯಿಂದ ಬರುತ್ತದೆ. ಪಾಲು ಸರಿಯಾಗಿ 0.315 ಅಂತಲೇ ಗೊತ್ತಿದ್ದರೂ, ಯಾವ 38 ಬೇಗ ಬಂದವು ಅನ್ನುವುದರಲ್ಲಿ ಅದೃಷ್ಟದ ಪಾತ್ರ ಇದೆ. ಅಷ್ಟನ್ನೇ ಲೆಕ್ಕಕ್ಕೆ ಹಿಡಿದರೆ 90 ಪ್ರತಿಶತ ಅಂತರ, ಅಂದರೆ ಹತ್ತರಲ್ಲಿ ಸುಮಾರು ಒಂಬತ್ತು ಸಲ ಕೊನೆಯ ಮೊತ್ತ ಬೀಳಬೇಕಾದ ವ್ಯಾಪ್ತಿ, ಸುಮಾರು 97ರಿಂದ 151. ಎರಡನೆಯದು, ಆ ಪಾಲು ಕೂಡ ವಾರದಿಂದ ವಾರಕ್ಕೆ ಅಲುಗಾಡುತ್ತದೆ. ಈ ವಾರ ಅದು 0.25ಕ್ಕೆ ಇಳಿದಿದ್ದರೆ ಮಧ್ಯದ ಅಂದಾಜೇ 152 ಆಗುತ್ತದೆ. ಇವೆರಡರಲ್ಲಿ ಎರಡನೆಯದೇ ಬಹಳ ಸಲ ದೊಡ್ಡದು, ಮತ್ತು ಬಹಳ ಬೋರ್ಡ್‌ಗಳು ಬಿಟ್ಟುಬಿಡುವುದೂ ಅದನ್ನೇ.

```python
rng = np.random.default_rng()

def guess(r, p_past, n=5000):
    q = rng.choice(np.clip(p_past, 0.02, 1), n)
    return int(r) + rng.negative_binomial(int(r) + 1, q)

lo, mid, hi = np.quantile(guess(38, p_past), [.05, .5, .95])
```

`p_past` ಅಂದರೆ ಪೂರ್ತಿ ಮುಗಿದ ಹಳೆಯ ವಾರಗಳು ಇದೇ ವಯಸ್ಸಿನಲ್ಲಿದ್ದಾಗ, ಅಂದರೆ ಮುಗಿದು ಇಷ್ಟೇ ವಾರ ಕಳೆದಿದ್ದಾಗ, ತಮ್ಮ ಕೊನೆಯ ಮೊತ್ತದ ಎಷ್ಟು ಪಾಲು ತೋರಿಸಿದ್ದವು ಅನ್ನುವ ಪಟ್ಟಿ. ಪ್ರತಿ ಸಲ ಅದರಿಂದ ಒಂದನ್ನು ಹೆಕ್ಕಿ, ಇನ್ನೂ ಬರಬೇಕಾದವು ಎಷ್ಟಿರಬಹುದು ಅಂತ ಚೀಟಿ ಎತ್ತುತ್ತದೆ.

`r + 1` ಯಾಕೆ ಅಂತ ಹೇಳಲೇಬೇಕು. ಒಂದು ತಾಲ್ಲೂಕಿನಿಂದ ಈ ವಾರ 0 ಬಂದಿದೆ ಅಂದುಕೊಳ್ಳಿ. ಸೊನ್ನೆಯನ್ನು ಯಾವ ಗುಣಕದಿಂದ ಗುಣಿಸಿದರೂ ಸೊನ್ನೆಯೇ, ಬೋರ್ಡ್ 'ಪ್ರಕರಣ ಇಲ್ಲ' ಅಂತ ಖಡಾಖಂಡಿತವಾಗಿ ಹೇಳಿಬಿಡುತ್ತದೆ. ಆದರೆ ಮೂರರಲ್ಲಿ ಒಂದು ಪಾಲೂ ಬಂದಿಲ್ಲದಿರುವಾಗ ಸೊನ್ನೆ ಅಂದರೆ ಅಷ್ಟು ಗಟ್ಟಿ ಸುದ್ದಿಯಲ್ಲ. ಮೇಲಿನ ಸೂತ್ರದಲ್ಲಿ 0.315 ಹಾಕಿದರೆ ಆ ತಾಲ್ಲೂಕಿಗೆ 0ಯಿಂದ 7 ಅಂತ ಬರುತ್ತದೆ. ಇದರ ಇನ್ನೊಂದು ಮುಖವೂ ಇದೆ, ತಿಂಗಳುಗಟ್ಟಲೆ ಒಂದೂ ಪ್ರಕರಣ ಇಲ್ಲದ ತಾಲ್ಲೂಕಿಗೂ ಈ ಸೂತ್ರ ಅದೇ 7 ಕೊಟ್ಟು ಸುಮ್ನೆ ಹೆದರಿಸುತ್ತದೆ. ಅದಕ್ಕೇ ಹಿಂದಿನ ನಾಲ್ಕು ವಾರದಲ್ಲಿ ಪ್ರಕರಣ ಕಂಡ ತಾಲ್ಲೂಕಿಗೆ ಮಾತ್ರ ಅಂತರ ತೋರಿಸುತ್ತೇನೆ, ಉಳಿದವಕ್ಕೆ 'ಇನ್ನೂ ವರದಿ ಇಲ್ಲ' ಅನ್ನುವ ಪದ ಸಾಕು.

ತಾಲ್ಲೂಕಿಗೊಂದು ಗುಣಕ ತೆಗೆಯಲು ಅಂಕಿಗಳು ಸಾಲುವುದಿಲ್ಲ, ಜಿಲ್ಲೆಯದ್ದನ್ನೇ ಬಳಸಬೇಕಾಗುತ್ತದೆ. ಆದರೆ ಲ್ಯಾಬ್ ಇರುವ ತಾಲ್ಲೂಕಿನ ವರದಿ ಬೇಗ ಬರುತ್ತದೆ, ದೂರದ ತಾಲ್ಲೂಕಿನದ್ದು ತಡ. ನಾನು ಲ್ಯಾಬ್ ಇರುವ ತಾಲ್ಲೂಕು ಒಂದು ಗುಂಪು, ಉಳಿದವೆಲ್ಲ ಇನ್ನೊಂದು ಗುಂಪು ಅಂತ ಎರಡೇ ಮಾಡಿದೆ. ಅಷ್ಟಕ್ಕೇ ಚಿತ್ರ ಸಾಕಷ್ಟು ಸುಧಾರಿಸಿತು.

ಇನ್ನೂ ಗಟ್ಟಿಯಾಗಿ ಮಾಡಬೇಕು ಅನ್ನುವವರಿಗೆ ಆರ್‌ನಲ್ಲಿ `NobBS`, `surveillance`, `epinowcast` ಪ್ಯಾಕೇಜುಗಳಿವೆ. ಅವು ವಾರದಿಂದ ವಾರಕ್ಕೆ ರೋಗ ಮೆಲ್ಲಗೆ ಬದಲಾಗುತ್ತದೆ ಅನ್ನುವುದನ್ನೂ ಸೇರಿಸಿ ಅಂದಾಜಿಸಬಲ್ಲವು. ಬ್ರೆಜಿಲ್‌ನ ಇನ್ಫೋಡೆಂಗಿ ವ್ಯವಸ್ಥೆ ಡೆಂಗಿ ವರದಿಗಳ ವಿಳಂಬವನ್ನು ಹೀಗೆ ಮಾದರಿ ಹಾಕಿ ಸರಿದೂಗಿಸುತ್ತದೆ. ನಾನು ಸರಳವಾದದ್ದರಲ್ಲೇ ನಿಂತೆ, ಕಚೇರಿಯಲ್ಲಿ ಎಕ್ಸೆಲ್ ಗೊತ್ತಿರುವ ಯಾರಾದರೂ ಕೂತು ಕೈಯಲ್ಲಿ ತಾಳೆ ನೋಡುವಂತಿರಬೇಕು ಅಂತ.

ಪರದೆಯ ಮೇಲೆ

ಮೊದಲು ಕೊನೆಯ ಮೂರು ವಾರಕ್ಕೆ ಬೂದು ಬಣ್ಣ ಬಳಿದು, ಕೆಳಗೆ 'ತಾತ್ಕಾಲಿಕ' ಅಂತ ಬರೆದು ನೋಡಿದೆವು. ಸಾಲಲಿಲ್ಲ. ಬೂದು ಕಂಬವೂ ಗಿಡ್ಡವೇ, ಕಣ್ಣು ಮೊದಲು ಹಿಡಿಯುವುದು ಎತ್ತರವನ್ನು. ಅದೂ ಅಲ್ಲದೆ ಚಿತ್ರ ವಾಟ್ಸಾಪ್‌ಗೆ ಹೋಗುವಾಗ ಯಾರೋ ಕತ್ತರಿಸುತ್ತಾರೆ, ಅಡಿಟಿಪ್ಪಣಿ ಮೊದಲು ಹೋಗುತ್ತದೆ.

ಈಗ ಇರುವುದು ಹೀಗೆ. ಕಂಬದ ಕೆಳಭಾಗ ಗಾಢ ನೀಲಿ: ಇಲ್ಲಿಯವರೆಗೆ ಬಂದದ್ದು. ಈ ಅಂಕಿ ಇಲಾಖೆಯ ಪಟ್ಟಿಗೆ ಸರಿಯಾಗಿ ತಾಳೆಯಾಗಬೇಕು, ಇಲ್ಲದಿದ್ದರೆ ಯಾರೂ ಮುಂದಿನದ್ದನ್ನು ನಂಬುವುದಿಲ್ಲ. ಅದರ ಮೇಲೆ ತಿಳಿ ನೀಲಿ, ದಪ್ಪ ಅಂಚು: ಇನ್ನೂ ಬರಬಹುದಾದದ್ದು. ಮೊದಲು ಅಲ್ಲಿ ಓರೆ ಗೆರೆ ಹಾಕಿದ್ದೆವು, ಫಾರ್ವರ್ಡ್ ಆದ ಚಿತ್ರದಲ್ಲಿ ಗೆರೆಗಳೆಲ್ಲ ಕಲಸಿ ಗಾಢ ಬಣ್ಣವೇ ಆಗಿಬಿಡುತ್ತಿತ್ತು, ತೆಗೆದೆವು. ಮೇಲುಗಡೆ ಅಂತರದ ಕಡ್ಡಿ. ಕೊನೆಯ ವಾರದ ಮೇಲೆ ಒಂಟಿ ಅಂಕಿ ಇಲ್ಲ, 'ಬಂದದ್ದು 38, ಪೂರ್ತಿಯಾದಾಗ ಇಷ್ಟರಿಂದ ಇಷ್ಟರವರೆಗೆ ಆಗಬಹುದು' ಅನ್ನುವ ಸಾಲು ಚಿತ್ರದ ಒಳಗೇ ಇದೆ, ಕತ್ತರಿಸಿದರೂ ಹೋಗುವುದಿಲ್ಲ. ಕಂಬಗಳ ತುದಿಯನ್ನು ಸೇರಿಸುವ ಗೆರೆಯನ್ನು ಕಿತ್ತುಹಾಕಿದೆ.

ಬಾಣವನ್ನು ಕೊನೆಯ ಎರಡು ವಾರಕ್ಕೆ ಪೂರ್ತಿ ತೆಗೆದೆ. ಅದರ ಜಾಗಕ್ಕೆ ಬಂದದ್ದೇ ಎಲ್ಲರಿಗೂ ಹಿಡಿಸಿತು: ಒಂದೇ ವಯಸ್ಸಿನ ಹೋಲಿಕೆ. 'ಈ ವಾರ ಮುಗಿಯುವಾಗ 38. ಹೋದ ವಾರ ಮುಗಿಯುವಾಗ 40 ಇತ್ತು, ಅದಕ್ಕೂ ಹಿಂದಿನ ವಾರ 30.' ಇದರಲ್ಲಿ ಅಂದಾಜೇ ಇಲ್ಲ, ತ್ರಿಕೋನದ ಮೊದಲ ಕಾಲಂ ಅಷ್ಟೇ. 'ನಿಮ್ಮ ಅಂದಾಜು ಗಿಂದಾಜು ಬೇಡ, ಲೆಕ್ಕ ಹೇಳಿ' ಅನ್ನುವ ತಾಲ್ಲೂಕು ಆರೋಗ್ಯಾಧಿಕಾರಿಗೂ ಇದು ಕೂಡಲೇ ಅರ್ಥ ಆಗುತ್ತದೆ. 90ರಿಂದ 38ಕ್ಕೆ ಬಿದ್ದಿಲ್ಲ, 40ರ ಜಾಗದಲ್ಲಿ 38 ಇದೆ. ಒಂದೇ ಒಂದು ಬದಲಾವಣೆ ಮಾಡೋಕೆ ಸಮಯ ಇರುವವರು ಇದನ್ನೇ ಮಾಡಿ.

ಪಾಲು 0.2ಕ್ಕಿಂತ ಕಡಿಮೆ ಇರುವ ವಾರಕ್ಕೆ ಅಂದಾಜನ್ನು ತೋರಿಸುವುದೇ ಇಲ್ಲ. ಅಲ್ಲಿ ಅಂತರ ಎಷ್ಟು ಅಗಲ ಅಂದರೆ ಅದರಿಂದ ಯಾವ ತೀರ್ಮಾನವೂ ಆಗುವುದಿಲ್ಲ. ಬೋರ್ಡ್ ಸೋಮವಾರ ಮಾತ್ರ ಹೊಸದಾಗುತ್ತದೆ. ನಡು ವಾರ ಓಡಿಸಿದರೆ ಅರ್ಧ ವಾರದ ಕಂಬಕ್ಕೆ ಪೂರ್ತಿ ವಾರದ ಗುಣಕ ಬಿದ್ದು ಎಲ್ಲ ಕೆಡುತ್ತದೆ.

ಹಿಂದಕ್ಕೆ ಹೋಗಿ ಪರೀಕ್ಷೆ

ಎತ್ತಿಟ್ಟ ಪ್ರತಿಗಳು ಎರಡನೇ ಸಲ ಉಪಯೋಗಕ್ಕೆ ಬರುವುದು ಇಲ್ಲಿ. ಹಳೆಯ ಒಂದು ಸೋಮವಾರದ ಪ್ರತಿಯನ್ನು ಮಾತ್ರ ಕೊಟ್ಟು, ಆವತ್ತು ಬೋರ್ಡ್ ಏನು ಹೇಳುತ್ತಿತ್ತು ಅಂತ ಬರೆದಿಟ್ಟು, ಆ ವಾರದ ಕೊನೆಯ ಮೊತ್ತದ ಜೊತೆ ಹೋಲಿಸಬೇಕು. 90 ಪ್ರತಿಶತ ಅಂತರ ಅಂದ ಮೇಲೆ ಹತ್ತರಲ್ಲಿ ಸುಮಾರು ಒಂಬತ್ತು ಸಲ ಕೊನೆಯ ಅಂಕಿ ಅದರೊಳಗೆ ಬೀಳಬೇಕು. ವಯಸ್ಸು 0, 1, 2ಕ್ಕೆ ಬೇರೆ ಬೇರೆಯಾಗಿ ನೋಡಿ, ಒಟ್ಟಿಗೆ ಹಾಕಿದರೆ ಹಳೆಯ ವಾರಗಳ ಸುಲಭದ ಗೆಲುವಿನಲ್ಲಿ ಕೊನೆಯ ವಾರದ ಸೋಲು ಮುಚ್ಚಿಹೋಗುತ್ತದೆ. ಪಾಲು ಸ್ಥಿರ ಅಂತ ಹಿಡಿದ ಅಂತರ ಈ ಪರೀಕ್ಷೆಯಲ್ಲಿ ತೀರಾ ಕಿರಿದು ಅಂತ ಕಂಡಿತು, `p_past`ನಿಂದ ಹೆಕ್ಕಿದ್ದು ನಿಂತಿತು.

ತಪ್ಪಿದ ವಾರಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ ಮುಖ್ಯವಾಗಿ ಎರಡು ಬಗೆ ಸಿಕ್ಕವು. ಒಂದು, ದಸರಾ ದೀಪಾವಳಿಯಂಥ ರಜೆಯ ವಾರ. ಲ್ಯಾಬ್ ಅರ್ಧ ನಡೆಯುತ್ತದೆ, ಎಂಟ್ರಿ ನಿಲ್ಲುತ್ತದೆ, ಬೋರ್ಡ್ ಕಡಿಮೆ ಹೇಳುತ್ತದೆ. ಇನ್ನೊಂದು, ಯಾವುದೋ ಆಸ್ಪತ್ರೆ ಒಂದು ತಿಂಗಳ ಪ್ರಕರಣಗಳನ್ನು ಒಂದೇ ದಿನ ಏರಿಸುವುದು. ಹೊಸದಾಗಿ ಸೇರಿದ ಪ್ರಕರಣಗಳ ತ್ರಿಕೋನಕ್ಕೆ ಬಣ್ಣ ತುಂಬಿ ನೋಡಿದರೆ ಎರಡೂ ತಕ್ಷಣ ಕಾಣುತ್ತವೆ, ಯಾಕೆಂದರೆ ಎರಡೂ ವರದಿ ಬಂದ ವಾರಕ್ಕೆ ಸೇರಿದ ತೊಂದರೆಗಳು, ಹಾಗಾಗಿ ಓರೆಯಾಗಿ ಓಡುತ್ತವೆ: ರಜೆ ಬಿಳಿಚಿದ ಓರೆ ಪಟ್ಟಿ, ಒಟ್ಟಿಗೆ ಏರಿಸಿದ್ದು ಗಾಢ ಓರೆ ಪಟ್ಟಿ. ಅಡ್ಡ ಸಾಲು ಪೂರ್ತಿ ಗಾಢವಾಗಿದ್ದರೆ ಮಾತ್ರ ಆ ವಾರ ನಿಜವಾಗಿ ರೋಗ ಜಾಸ್ತಿ ಇತ್ತು ಅಂತ ಅರ್ಥ.

ಒಟ್ಟಿಗೆ ಏರಿಸಿದ ಪ್ರಕರಣಗಳನ್ನು ಎಣಿಕೆಯಲ್ಲಿ ಇಟ್ಟುಕೊಂಡು ಗುಣಕದ ಲೆಕ್ಕದಿಂದ ಮಾತ್ರ ಹೊರಗಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಎರಡು ತಿಂಗಳು ಅಂದಾಜು ಉಬ್ಬಿಕೊಂಡೇ ಇರುತ್ತದೆ. ರಜೆಯ ವಾರಕ್ಕೆ ಒಂದು ಗುರುತಿನ ಕಾಲಂ ಇಟ್ಟು, ಆ ವಾರ ಹಳೆಯ ರಜೆ ವಾರಗಳ ಪಾಲಿನಿಂದ ಮಾತ್ರ ಹೆಕ್ಕುವಂತೆ ಮಾಡಿದೆ. ಅಂಥ ವಾರಗಳು ಕೈಯಲ್ಲಿ ಕೆಲವೇ ಇರುವುದರಿಂದ ಈ ಅಂತರದ ಮೇಲೆ ನನಗೆ ಅಷ್ಟು ಭರವಸೆ ಇಲ್ಲ, ಬೋರ್ಡ್ ಆ ವಾರ 'ರಜೆ ಇತ್ತು, ವರದಿ ಇನ್ನೂ ತಡವಾಗಬಹುದು' ಅಂತ ಅಕ್ಷರದಲ್ಲೇ ಹೇಳುತ್ತದೆ.

ಇನ್ನೂ ಬಗೆಹರಿಯದ್ದು ಬೇರೆ ಜಿಲ್ಲೆಗೆ ವರ್ಗವಾಗಿ ಹೋಗುವ ಪ್ರಕರಣಗಳದ್ದು. ಪ್ರತಿಗಳಿಂದ ನೇರವಾಗಿ ಎಣಿಸಿದರೆ ಅವು ಒಂದು ಪ್ರತಿಯಲ್ಲಿ ಇದ್ದು ಮುಂದಿನದರಲ್ಲಿ ಇರುವುದಿಲ್ಲ, ಸಾಲಿನ ಮೊತ್ತ ಹಿಂದಕ್ಕೆ ಹೋಗುತ್ತದೆ, ಗುಣಕ 1ಕ್ಕಿಂತ ಕೆಳಗಿಳಿಯುತ್ತದೆ. ಈಗ ಕೊನೆಯ ಪ್ರತಿಯಲ್ಲಿ ಉಳಿದಿರುವ ಐಡಿಗಳನ್ನು ಮಾತ್ರ ತ್ರಿಕೋನಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಇದರಿಂದ ಕೊನೆಯ ವಾರದ 38ರಲ್ಲಿ ಮುಂದೆ ಹೋಗಲಿರುವ ಎರಡು ಮೂರು ಸೇರಿಕೊಂಡೇ ಇರುತ್ತವೆ, ಅಂದಾಜು ಆ ಮಟ್ಟಿಗೆ ಹೆಚ್ಚು ಬರುತ್ತದೆ. ಸ್ಯಾಂಪಲ್ ಕೊಡುವಾಗಲೇ ಊರಿನ ತಾಲ್ಲೂಕು ಬರೆಸಿಕೊಳ್ಳುವ ಕಾಲಂ ಸಿಕ್ಕಿದರೆ ಅವನ್ನು ಮೊದಲೇ ಬೇರ್ಪಡಿಸಬಹುದು, ಆ ಕಾಲಂ ಕೇಳಿದ್ದೇವೆ.